ಕ್ರೇನಿನ ಪ್ಯಾನೆಲ್ಲಿನೊಳಗಿನ ಬಲ್ಬು

ಅವನನ್ನು ನಾವೆಲ್ಲ ಕರೆಯುತ್ತಿದ್ದುದು ಗೊಣಗ ಎಂದೇ. ಸ್ಕ್ರೂಡ್ರೈವರ್ ಜಾರಿದರೆ ಗೊಣಗುತ್ತಿದ್ದ, ಜಾರದಿದ್ದರೆ ಇನ್ನೇನು ಜಾರುತ್ತದೆ ಎಂದು ಗೊಣಗುತ್ತಿದ್ದ. ನಮ್ಮ ವರ್ಕ್‌ಶಾಪಿನಲ್ಲಿ ನಾನು ಮೋಟರಿನ ಕಾಯಿಲ್ ಸುತ್ತುವವಳು. ಹದಿನೆಂಟು ವರ್ಷ ಅವನ ಗೊಣಗಾಟ ಕೇಳಿ ನನ್ನ ಕಿವಿ ಸವೆದುಹೋಗಿತ್ತು. ಅವನ ಅಣ್ಣ ಮಾತ್ರ ಬಾಯಿ ಬಿಡದ ಮನುಷ್ಯ. ಪ್ಯಾನೆಲ್ ಕಟ್ಟುವುದು ಅಣ್ಣ, ರಿಪೇರಿಗೆ ಓಡುವುದು ತಮ್ಮ, ಇಬ್ಬರಿಗೂ ಒಂದೇ ಮೇಜು.

ಅಣ್ಣ ಹೋಗಿ ಮೂರು ವಾರವಾಗಿತ್ತು. ಮೇಜಿನ ಮುಂದೆ ನಿಂತಿದ್ದವನು ಹಾಗೇ ಕುಸಿದು ಕೂತ, ಮತ್ತೆ ಏಳಲಿಲ್ಲ. ಗೊಣಗ ಅಳಲಿಲ್ಲ. ಅತ್ತಿಗೆಯ ಮನೆಯ ಕೆಲಸವನ್ನೆಲ್ಲ ಮುಗಿಸಿ ನಾಲ್ಕನೇ ದಿನ ಕೆಲಸಕ್ಕೆ ಬಂದ. ಅಂದಿನಿಂದ ಬಾಯಿಗೆ ಬೀಗ. ಟೀ ತಣ್ಣಗಾಗಿದ್ದರೂ ಕುಡಿದ, ಯಾರೋ ಅವನ ಇಕ್ಕಳ ಎತ್ತಿಕೊಂಡು ಹೋದರೂ ಕೇಳಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಬೈಯಲಿ, ಏನಾದರೂ ಒಂದು ಎಸೆಯಲಿ ಎಂದು ಕಾಯುತ್ತಿದ್ದೆ. ಅವನು ಮರಗಟ್ಟಿ ಹೋಗಿದ್ದ.

ಆಗ ಗುಜರಿ ಯಾರ್ಡಿನಿಂದ ಫೋನು ಬಂತು. ಕ್ರೇನಿನ ಅಯಸ್ಕಾಂತ ಕಬ್ಬಿಣ ಎತ್ತುತ್ತಿಲ್ಲ. ಅದಕ್ಕೆ ಡಿಸಿ ಕರೆಂಟು ಕೊಡುವ ಪ್ಯಾನೆಲ್ಲನ್ನು ಆರು ವರ್ಷದ ಹಿಂದೆ ಕಟ್ಟಿದವನು ಅಣ್ಣನೇ. ಒಳಗೆ ಕರೆಂಟಿಗೆ ಬಾಗಿಲಿನಂತಿರುವ ನಾಲ್ಕು ಎಸ್‌ಸಿಆರ್. ಎಸಿಯ ಪ್ರತಿ ಅರ್ಧ ಅಲೆಯಲ್ಲೂ ಎಷ್ಟು ತಡವಾಗಿ ಗೇಟೆಂಬ ಅದರ ಕಾಲಿಗೆ ಚುರುಕು, ಅಂದರೆ ಕ್ಷಣಮಾತ್ರದ ಕರೆಂಟು, ಮುಟ್ಟಿಸುತ್ತೀಯೋ ಅಷ್ಟು ಕಡಿಮೆ ಡಿಸಿ. ಕೆಲಸವೆಲ್ಲ ಅಷ್ಟೇ, ಆದರೆ ಅಷ್ಟರಲ್ಲೇ ಎಲ್ಲ ಇದೆ.

ಗೊಣಗ ಪ್ಯಾನೆಲ್ಲನ್ನು ಬಿಚ್ಚಿ ತಂದ. ನಮ್ಮ ಮೇಜಿನ ಮೇಲೆ ಯಾವ ಪ್ಯಾನೆಲ್ ಬಂದರೂ ಮೊದಲು ಇನ್ನೂರು ವ್ಯಾಟಿನ ಹಳೇ ಬಲ್ಬು ಸಿಕ್ಕಿಸಿ ನೋಡುವುದು ರೂಢಿ. ಸಿಕ್ಕಿಸಿದ. ಗುಂಡಿ ತಿರುಗಿಸಿದಂತೆಲ್ಲ ಬಲ್ಬಿನ ಬೆಳಕು ಚೆನ್ನಾಗಿ ಏರಿತು, ಇಳಿಯಿತು. ಪ್ಯಾನೆಲ್ಲಿನಲ್ಲಿ ಲೋಪವೇ ಇಲ್ಲ. ಒಳಗೆ ಔಟ್‌ಪುಟ್ಟಿನ ಎರಡು ತಂತಿಗಳ ನಡುವೆ ಅಣ್ಣ ಒಂದು ದೊಡ್ಡ ಬಲ್ಬು ಹಾಕಿಟ್ಟಿದ್ದ. ಅದರ ತಂತಿ ಕಡಿದು ಗಾಜು ಕಪ್ಪಾಗಿತ್ತು. ಪ್ಯಾನೆಲ್ ಚಾಲೂ ಇದೆಯೆಂದು ತೋರಿಸುವ ದೀಪವಿರಬೇಕೆಂದು ಗೊಣಗ ಅದನ್ನು ಕಿತ್ತುಹಾಕಿ, ಅಲ್ಲಿ ಪುಟ್ಟ ಎಲ್‌ಇಡಿ ಹಾಕಿದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಯಾರ್ಡಿಗೆ ಹೋಗಿ ಜೋಡಿಸಿದರೆ ಅಯಸ್ಕಾಂತಕ್ಕೆ ಜೀವವಿಲ್ಲ. ಕಾಯಿಲ್ ಸುಟ್ಟಿರಬಹುದೆಂದು ನನ್ನನ್ನು ಕರೆದರು. ಹೋಗಿ ಅಳೆದೆ, ಕಾಯಿಲ್ ಸರಿ. ಬ್ಯಾಟರಿ ಕೊಟ್ಟರೆ ನೆಲದ ಮೇಲಿದ್ದ ಬೋಲ್ಟುಗಳು ಬಂದು ಅಂಟಿದವು. ಮತ್ತೆ ಪ್ಯಾನೆಲ್ಲನ್ನು ಮೇಜಿಗೆ ತಂದರೆ ಬಲ್ಬು ಹತ್ತುತ್ತದೆ. ಮತ್ತೆ ಯಾರ್ಡಿಗೆ ಒಯ್ದರೆ ಏನೂ ಇಲ್ಲ. ಎರಡು ಸಲ ಹೀಗೆ ತಿರುಗಿದೆವು.

ಮೂರನೇ ದಿನ ಯಾರ್ಡಿನ ಇಂಜಿನಿಯರಮ್ಮ ಕೈ ಕಟ್ಟಿಕೊಂಡು ನಿಂತಳು. "ನೋಡಿ, ನಿಮ್ಮಣ್ಣ ತೀರಿಕೊಂಡಿದ್ದಕ್ಕೆ ನನಗೂ ಬೇಜಾರಿದೆ. ಆದ್ರೆ ಡ್ರಾಯಿಂಗ್ ಇಲ್ಲ, ಲೆಕ್ಕ ಇಲ್ಲ, ಅಂದಾಜಲ್ಲಿ ಕಟ್ಟಿದ್ದಾರೆ. ನಾಳೆ ಇದನ್ನ ಗುಜರಿಗೆ ಹಾಕಿ ಹೊಸದು ತರಿಸ್ತೀನಿ. ಬೇರೆ ಕಡೆ ಅವರು ಕಟ್ಟಿದ್ದನ್ನೂ ನಂಬಬೇಡಿ ಅಂತ ಹೇಳಬೇಕಾಗತ್ತೆ."

ನನ್ನ ಮೈ ಉರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸತ್ತವನಿಗೆ ಉಳಿದಿದ್ದುದು ಕೆಲಸದ ಹೆಸರೊಂದೇ, ಅದೂ ನಾಳೆ ಆ ಕಬ್ಬಿಣದ ರಾಶಿಗೆ ಬೀಳಲಿತ್ತು. ತಮ್ಮ ಏನಾದರೂ ಹೇಳುತ್ತಾನೆಂದು ನೋಡಿದೆ. "ಹೂಂ," ಎಂದ.

"ಹೂಂ ಅಂದ್ರೇನೋ? ನಿಂಗೇನೂ ಅನ್ನಿಸ್ತಿಲ್ವಾ?" ಎಂದೆ.

"ಇಲ್ಲ ಅಕ್ಕ. ಅನ್ನಿಸ್ತಾನೇ ಇಲ್ಲ."

ಅದನ್ನು ಮೀಟರ್ ಓದಿ ಹೇಳುವವನ ದನಿಯಲ್ಲೇ ಹೇಳಿದ. ನನಗೆ ಭಯವಾಯಿತು.

ಅವನು ಬಗ್ಗಿ ಕೊನೆಯ ಪರೀಕ್ಷೆಗೆ ಕೂತ. ಯಾರ್ಡಿಗೆ ಬರುವ ಮೇನ್ಸ್ ಕರೆಂಟಿನಲ್ಲೇ ತೊಂದರೆಯಿದೆಯೋ ಏನೋ ನೋಡೋಣವೆಂದು, ಚೀಲದಲ್ಲಿದ್ದ ನಮ್ಮ ಮೇಜಿನ ಬಲ್ಬನ್ನು ತೆಗೆದು ಅಯಸ್ಕಾಂತದ ತಂತಿಗಳ ಜೊತೆಗೇ ಸಿಕ್ಕಿಸಿದ. ಅಯಸ್ಕಾಂತವನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ. ಸ್ವಿಚ್ ಹಾಕಿದ. ಬಲ್ಬು ಹತ್ತಿತು. ಒಂದೆರಡು ಕ್ಷಣ ಕಳೆದು, ಅಯಸ್ಕಾಂತದ ಕೆಳಗಿದ್ದ ಕಬ್ಬಿಣದ ರಾಶಿ ಢಣ್ಣೆಂದು ಮೇಲೆದ್ದು ಅಂಟಿಕೊಂಡಿತು.

ಗೊಣಗ ಬಲ್ಬನ್ನು ಹೋಲ್ಡರಿನಿಂದ ತಿರುಚಿ ತೆಗೆದ. ರಾಶಿ ಬೀಳಲಿಲ್ಲ. ಸ್ವಿಚ್ ಆರಿಸಿ ರಾಶಿ ಬಿದ್ದ ಮೇಲೆ, ಬಲ್ಬಿಲ್ಲದೆ ಮತ್ತೆ ಹಾಕಿದ. ಏನೂ ಇಲ್ಲ. ಬಲ್ಬು ತಿರುಚಿ ಹಾಕಿದ, ಢಣ್.

ಅವನು ಹಿಮ್ಮಡಿಯ ಮೇಲೆ ಕೂತುಬಿಟ್ಟ.

"ಏನಿದು ಮಾಯ?" ಎಂದಳು ಇಂಜಿನಿಯರಮ್ಮ.

"ಮಾಯ ಅಲ್ಲ ಮೇಡಂ." ಅವನು ನಿಧಾನವಾಗಿ ಹೇಳಿದ. "ಗೇಟಿಗೆ ಚುರುಕು ಕೊಟ್ರೆ ಎಸ್‌ಸಿಆರ್ ಬಾಗಿಲು ತೆಗೆಯತ್ತೆ. ಆದ್ರೆ ಚುರುಕು ನಿಲ್ಲೋದ್ರೊಳಗೆ ಅದರಲ್ಲಿ ಇಷ್ಟು ಕರೆಂಟು ಹರಿದಿರಬೇಕು, ಲ್ಯಾಚಿಂಗ್ ಕರೆಂಟು ಅಂತಾರಲ್ಲ, ಅಷ್ಟು. ಹರೀಲಿಲ್ಲ ಅಂದ್ರೆ ಬಾಗಿಲು ಮತ್ತೆ ಮುಚ್ಕೊಳತ್ತೆ. ಈ ಅಯಸ್ಕಾಂತ ದಪ್ಪ ಕಾಯಿಲು. ಅದರಲ್ಲಿ ಕರೆಂಟು ಸೋಮಾರಿ ಥರ ಏರತ್ತೆ. ನಮ್ಮ ಚುರುಕು ಬಹಳ ಸಣ್ಣದು, ಕಣ್ಣು ಮಿಟುಕಿಸೋದ್ರ ಸಾವಿರಕ್ಕೊಂದು ಪಾಲೂ ಇಲ್ಲ. ಬಲ್ಬು ಹಾಗಲ್ಲ, ಬಾಗಿಲು ತೆಗೆದ ತಕ್ಷಣ ಕರೆಂಟು ಎಳ್ಕೊಳತ್ತೆ. ಆ ಕರೆಂಟಿನ ಮೇಲೆ ಎಸ್‌ಸಿಆರ್ ನಿಂತ್ಕೊಳತ್ತೆ, ಅಷ್ಟರಲ್ಲಿ ಕಾಯಿಲು ಏರತ್ತೆ."

"ಮತ್ತೆ ಬಲ್ಬು ತೆಗೆದ್ರೂ ರಾಶಿ ಬೀಳ್ಲಿಲ್ಲ?"

"ಒಂದ್ಸಲ ಕಾಯಿಲಲ್ಲಿ ಕರೆಂಟು ತುಂಬಿದ್ರೆ ಅದು ನಿಲ್ಲಲ್ಲ, ಒಂದು ಜೋಡಿ ಎಸ್‌ಸಿಆರ್‌ನಿಂದ ಇನ್ನೊಂದು ಜೋಡಿಗೆ ಹಾಯ್ಕೊಂಡು ಹೋಗ್ತಿರತ್ತೆ. ಆಮೇಲೆ ಬಲ್ಬಿನ ಹಂಗಿಲ್ಲ. ಗೇಟು ಶುರು ಮಾಡತ್ತೆ ಅಷ್ಟೇ, ನಿಲ್ಸಕ್ಕೆ ಅದ್ರ ಕೈಲಿ ಆಗಲ್ಲ. ಆರಿಸೋವಾಗ ಅಣ್ಣ ಚುರುಕನ್ನ ಅಲೆಯ ಕೊನೆಗೆ ತಳ್ಳಿ, ಮೇನ್ಸನ್ನೇ ಕರೆಂಟಿಗೆ ಎದುರು ನಿಲ್ಸಿ ಇಳಿಸ್ತಾನೆ. ಬಾಗಿಲು ತೆರೆದಿಡೋ ಹೋಲ್ಡಿಂಗ್ ಕರೆಂಟಿಗಿಂತ ಕೆಳಗೆ ಬಂದ್ರೆ ತಾನಾಗೇ ಆಫ್. ಮೊದಲು ನಿಂತ್ಕೊಳಕ್ಕೆ ಬೇಕಾದ್ದಕ್ಕಿಂತ ಆಮೇಲೆ ಹಿಡಿದುಕೊಂಡಿರಕ್ಕೆ ಬೇಕಾದ್ದು ಕಮ್ಮಿ."

ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕಥೆ. ನಮ್ಮ ಮೇಜಿನ ಬಲ್ಬೇ ಪ್ರತಿ ಸಲ ರೋಗ ವಾಸಿ ಮಾಡಿ, ರೋಗವೇ ಇಲ್ಲವೆಂದು ಹೇಳಿ ಕಳಿಸುತ್ತಿತ್ತು. ಅಣ್ಣ ಇಟ್ಟಿದ್ದುದು ದೀಪವಾಗಿರಲಿಲ್ಲ, ಊರುಗೋಲಾಗಿತ್ತು. ಆರು ವರ್ಷದ ಕುಲುಕಾಟಕ್ಕೆ ಅದರ ತಂತಿ ಕಡಿದಿತ್ತು, ಅಷ್ಟೇ ರೋಗ.

"ಚುರುಕನ್ನೇ ಇನ್ನಷ್ಟು ಹೊತ್ತು ಕೊಟ್ಟು ಅಗಲ ಮಾಡಬಹುದಿತ್ತಲ್ಲ?" ಎಂದಳು ಆಕೆ. ದನಿ ಮೆತ್ತಗಾಗಿತ್ತು.

"ಮಾಡಬೇಕಿತ್ತು. ಅದೇ ಸರಿ ದಾರಿ. ನಾನು ಮಾಡಿಕೊಡ್ತೀನಿ. ಅಲ್ಲೀವರೆಗೂ ಬಲ್ಬು ಇರಲಿ."

ಆಕೆ ಪುಸ್ತಕ ತೆರೆದು, "ಈ ಏರ್ಪಾಡು ಯಾರದ್ದು ಅಂತ ಬರೀಲಿ?" ಎಂದಳು.

"ನಮ್ಮಣ್ಣಂದು," ಎಂದ. ಆಮೇಲೆ ಅವನ ಬಾಯಿ ನಿಲ್ಲಲಿಲ್ಲ. "ನಮ್ಮಣ್ಣಂದೇ! ಬೇರೆ ಯಾರು ಮಾಡ್ತಾರೆ ಇಂಥ ಕೆಲ್ಸ? ಒಂದು ಚೀಟಿ ಅಂಟಿಸಕ್ಕೆ ಏನಾಗಿತ್ತು ಇವನಿಗೆ? ಬಾಯಿ ಬಿಟ್ಟು ಹೇಳೋದಂತೂ ಇಲ್ಲ, ಬರೆದಾದ್ರೂ ಇಡಬಾರದಾ? ಮೂರು ದಿನ ನನ್ನ ನಾಯಿ ಥರ ಅಲೆಸಿಬಿಟ್ಟ. ಒಂದು ಮಾತು ಹೇಳಿ ಹೋಗಬಾರದಾ ಅಣ್ಣ?" ಎಂದು ಆ ಕೂತ ಜಾಗದಲ್ಲೇ ಮಂಡಿಗೆ ಮುಖ ಹಚ್ಚಿ ಅಳತೊಡಗಿದ.

ಇಂಜಿನಿಯರಮ್ಮ ನನ್ನ ಮುಖ ನೋಡಿದಳು. ಇರಲಿ ಬಿಡಿ ಎಂದು ಕೈ ಆಡಿಸಿದೆ.

ಆಮೇಲೆ ಅವನು ಮೂಗೊರೆಸಿಕೊಂಡು, ಎಲ್‌ಇಡಿ ಕಿತ್ತು ನಮ್ಮ ಮೇಜಿನ ಬಲ್ಬನ್ನೇ ಅಲ್ಲಿ ಕೂರಿಸಿ, ಪ್ಯಾನೆಲ್ಲಿನ ಬಾಗಿಲ ಒಳಗೆ ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ಬರೆದ: "ಇದು ದೀಪ ಅಲ್ಲ. ತೆಗೆಯಬೇಡಿ. ಸುಟ್ಟರೆ ಇನ್ನೂರು ವ್ಯಾಟಿನದೇ ಹಾಕಿ." ಕೆಳಗೆ ಅಣ್ಣನ ಹೆಸರು ಬರೆದ. ಮಾರ್ಕರಿನ ಶಾಯಿ ಸರಿಯಿಲ್ಲವೆಂದು ಗೊಣಗಿದ. ವರ್ಕ್‌ಶಾಪಿಗೆ ಹಿಂದಿರುಗುವ ದಾರಿಯುದ್ದಕ್ಕೂ ರಸ್ತೆಯ ಬಗ್ಗೆ, ಗಾಡಿಯ ಸೀಟಿನ ಬಗ್ಗೆ, ನನ್ನ ಡ್ರೈವಿಂಗಿನ ಬಗ್ಗೆ ಗೊಣಗುತ್ತಲೇ ಇದ್ದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ಸಾಕು ಸುಮ್ಮನಿರು ಎಂದು ನಾನು ಹೇಳಲಿಲ್ಲ.