ಎಲ್ಲರಿಗೂ ಒಂದೇ ಪತ್ರ

ಶಿಫಾರಸು ಪತ್ರದ ಗುಂಡು ಮುದ್ರೆಯ ಕೆಳಗಿನ ಅಂಚಿನಲ್ಲಿ ಮೂರು ಅಕ್ಷರ ಮೂಡಿರಲಿಲ್ಲ. ಅನುವಾದದಲ್ಲಿ ಮುದ್ರೆಯನ್ನೂ ಬಿಡುವಂತಿಲ್ಲ. ಅದು ಇರುವ ಜಾಗದಲ್ಲಿ ಚೌಕ ಕಂಸ ಹಾಕಿ, ಮುದ್ರೆಯಲ್ಲಿರುವ ಮಾತನ್ನು ರಷ್ಯನ್‌ಗೆ ತಂದು, ಓದಲು ಬಾರದ ಭಾಗಕ್ಕೆ ‘ಅಸ್ಪಷ್ಟ’ ಎಂದು ನಮೂದಿಸಬೇಕು. ಹಾಗೆ ಟೈಪ್ ಮಾಡುತ್ತಿದ್ದಾಗ, ಇದೇ ಸಾಲನ್ನು ಈಚೆಗೆ ಒಮ್ಮೆ ಬರೆದಿದ್ದೇನೆ ಅನ್ನಿಸಿತು.

ಬೆಂಗಳೂರಿನಲ್ಲಿ ರಷ್ಯನ್ ಓದಿ ಮುಗಿಸಿದ ಮೇಲೆ ನಾನು ಅರಸೀಕೆರೆಯ ಮನೆಯಿಂದಲೇ ಅನುವಾದ ಮಾಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ವೈದ್ಯಕೀಯ ಓದಲು ಹೊರಟವರು. ಅವರ ಅಂಕಪಟ್ಟಿಗಳು ಒಂದರಂತೆ ಇನ್ನೊಂದು ಇರುತ್ತವೆ. ಈ ಪತ್ರ ತಂದ ಹುಡುಗಿ ಬೇರೆ. ಬಿಕ್ಕೋಡಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ ಮಗಳು, ಶಿಲ್ಪಕಲೆಯಲ್ಲಿ ಪದವಿ ಮಾಡಿದ್ದಳು. ಹಳೇಬೀಡಿನಲ್ಲಿ ಒಡೆದ ಶಿಲ್ಪಗಳ ದಾಖಲೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದಳು. ಈಗ ಕಲ್ಲಿನ ಸಂರಕ್ಷಣೆ ಕಲಿಯಲು ರಷ್ಯಾದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕುತ್ತಿದ್ದಳು. ಮೊದಲ ವರ್ಷ ಭಾಷೆ, ಆಮೇಲೆ ಎರಡು ವರ್ಷ ಸ್ನಾತಕೋತ್ತರ. ಮೊದಲ ಆಯ್ಕೆ ಕಡತ ನೋಡಿಯೇ ನಡೆಯುತ್ತದೆ. ಪದವಿ ಪತ್ರಕ್ಕೂ ಪಾಸ್‌ಪೋರ್ಟಿಗೂ ನೋಟರಿ ಮಾಡಿಸಿದ ಅನುವಾದ ಬೇಕಿತ್ತು, ಅವು ಆಗಲೇ ಸಿದ್ಧವಾಗಿದ್ದವು. ಶಿಫಾರಸು ಪತ್ರಕ್ಕೆ ಅನುವಾದಕರ ಸಹಿ ಸಾಕೆಂದು ಅವರ ಸೂಚನೆಯಲ್ಲಿತ್ತು. ಅರ್ಜಿಯ ಗಡುವಿಗೆ ಮೂರು ದಿನ ಉಳಿದಿತ್ತು.

ಹಳೆಯ ಕಡತ ತೆರೆದೆ. ಎರಡು ವಾರದ ಹಿಂದೆ ಇನ್ನೊಬ್ಬ ವಿದ್ಯಾರ್ಥಿಗೆ ಮಾಡಿಕೊಟ್ಟ ಅನುವಾದ. ಅದೇ ಸಂಸ್ಥೆ, ಅದೇ ಮುದ್ರೆ. ಹೆಸರೊಂದು ಬಿಟ್ಟರೆ ಇಂಗ್ಲಿಷ್ ಪತ್ರ ಅಕ್ಷರಶಃ ಅದೇ: ಶ್ರದ್ಧಾವಂತರು, ಸಮಯಪಾಲಕರು, ಸನ್ನಡತೆಯುಳ್ಳವರು, ಇವರ ಭವಿಷ್ಯ ಉಜ್ವಲವಾಗಲಿ. ಅದು ಹೋಗಿದ್ದೂ ಇದೇ ವಿಶ್ವವಿದ್ಯಾಲಯದ ಇದೇ ವಿಭಾಗಕ್ಕೆ.

ಒಂದೇ ಮೇಜಿನ ಮೇಲೆ ಎರಡನ್ನೂ ಇಟ್ಟು ನೋಡಿದವರು ಏನೆಂದುಕೊಳ್ಳುತ್ತಾರೆಂದು ಊಹಿಸುವುದು ಕಷ್ಟವಿರಲಿಲ್ಲ. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದಾರೆ. ಎರಡನೆಯದಾಗಿ ಸೇರುವುದು ಈ ಹುಡುಗಿಯದು, ಅನುಮಾನ ಮೊದಲು ಬರುವುದು ಇವಳ ಮೇಲೆಯೇ.

ರಷ್ಯನ್‌ನಲ್ಲಿ ‘ಶ್ರದ್ಧಾವಂತ’ಕ್ಕೆ ನಾಲ್ಕು ಪದಗಳಿವೆ. ವಾಕ್ಯಗಳನ್ನು ಹಿಂದುಮುಂದು ಮಾಡಿದರೆ ಹತ್ತು ನಿಮಿಷದಲ್ಲಿ ಪತ್ರ ಬೇರೆಯಂತೆ ಕಾಣುತ್ತಿತ್ತು. ಒಂದೆರಡು ವಾಕ್ಯ ಮಾಡಿಯೂ ನೋಡಿದೆ. ಆಮೇಲೆ ಅಳಿಸಿದೆ. ಮೂಲದಲ್ಲಿ ಇಲ್ಲದ ವ್ಯತ್ಯಾಸಕ್ಕೆ ನಾನು ಸಹಿ ಹಾಕಬೇಕಾಗುತ್ತಿತ್ತು. ಅವಳಿಗೆ ಕಾರಣ ಹೇಳುವಂತೆಯೂ ಇರಲಿಲ್ಲ. ಒಬ್ಬರ ಕಾಗದದ ವಿಷಯವನ್ನು ಇನ್ನೊಬ್ಬರಿಗೆ ಹೇಳುವುದು ನನ್ನ ಕೆಲಸದಲ್ಲಿಲ್ಲ.

ಫೋನಿನಲ್ಲಿ ಇಷ್ಟು ಮಾತ್ರ ಹೇಳಿದೆ: ಪತ್ರದಲ್ಲಿ ನೀನು ಮಾಡಿದ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ, ಬರೆದವರ ಹತ್ತಿರ ನಾನು ಮಾತಾಡಲೇ?

“ನಾನೇ ಕೇಳಿದ್ರೆ ಹೊಗಳಿ ಅಂತ ಕೇಳ್ದಂಗಾಗುತ್ತೆ ಅಕ್ಕ,” ಅಂದಳು. “ನೀವು ಹೋದ್ರೆ ಪರವಾಗಿಲ್ಲ. ಮೇಷ್ಟ್ರಿಗೆ ಬೇಜಾರಾಗ್ದಂಗೆ ನೋಡ್ಕೊಳ್ಳಿ,” ಎಂದು ಸೇರಿಸಿದಳು.

ಮರುದಿನ ಹಳೇಬೀಡಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಕೊಬ್ಬರಿ ಚೀಲ ಕೂತಿತ್ತು, ಅದರ ಯಜಮಾನರು ನಿಂತಿದ್ದರು.

ಸಂಸ್ಥೆ ಎಂದರೆ ತಗಡಿನ ಮಾಡಿನ ಒಂದು ಶೆಡ್ಡು. ಬಳಪದ ಕಲ್ಲಿನ ತುಂಡುಗಳು ಸಾಲಾಗಿ ಮಲಗಿದ್ದವು. ಒಂದರಲ್ಲಿ ಆನೆಯ ಕಾಲು, ಇನ್ನೊಂದರಲ್ಲಿ ಬರೀ ಕೈಬಳೆ. ಪ್ರತಿಯೊಂದಕ್ಕೂ ನಂಬರಿನ ಚೀಟಿ. ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರು ಬೇಲೂರಿನಿಂದ ದಿನವೂ ಬಂದು ಅವನ್ನು ಅಳೆದು, ಚಿತ್ರ ಬರೆದು, ದಪ್ಪ ರಿಜಿಸ್ಟರಿನಲ್ಲಿ ದಾಖಲಿಸುತ್ತಿದ್ದರು. ಪತ್ರಕ್ಕೆ ಸಹಿ ಹಾಕಿದವರು ಅವರೇ.

ಬಂದ ವಿಷಯ ಹೇಳಿ, ಈ ಪತ್ರವನ್ನು ಬೇರೆಯವರಿಗೂ ಹೀಗೆಯೇ ಕೊಡುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ತೆಗೆದರು.

“ಎಲ್ರಿಗೂ ಒಂದೇ ಕಣಮ್ಮ. ಮೂವತ್ತು ವರ್ಷ ಪಾಠ ಮಾಡ್ದೋನು ನಾನು. ಒಬ್ಬರಿಗೆ ನಾಲ್ಕು ಸಾಲು, ಇನ್ನೊಬ್ಬರಿಗೆ ಎರಡು ಸಾಲು ಬರೆದ್ರೆ ಮಕ್ಳು ಪಕ್ಕ ಪಕ್ಕ ಇಟ್ಟು ನೋಡ್ತಾರೆ. ಈ ಸಲಾನೂ ಇಬ್ರು ಕೇಳಿದ್ರು, ಇಬ್ರೂ ಹೋಗೋದು ಒಂದೇ ಕಡೆ. ಇಬ್ರಿಗೂ ಒಂದಕ್ಷರ ಹೆಚ್ಚುಕಮ್ಮಿ ಇಲ್ದಂಗೆ ಕೊಟ್ಟೆ.”

ನಾನು ಹೇಳಬಾರದಾಗಿದ್ದುದನ್ನು ಅವರೇ ಹೇಳಿಬಿಟ್ಟಿದ್ದರು. ಅಲ್ಲಿಯೂ ಯಾರಾದರೂ ಪಕ್ಕ ಪಕ್ಕ ಇಟ್ಟು ನೋಡಬಹುದಲ್ಲವೇ ಎಂದೆ.

ಅವರು ಪತ್ರವನ್ನು ತೆಗೆದುಕೊಂಡು ಮೊದಲಿಂದ ಓದಿದರು. ಸಮಾನವಾಗಿ ಕೊಟ್ಟದ್ದು ಇಬ್ಬರಿಗೂ ಸಮಾನವಾಗಿ ಕೆಡುಕಾಗಬಹುದೆಂದು ಅವರಿಗೆ ಹೊಳೆದದ್ದು ನನಗೆ ಕಂಡಿತು. ಆಮೇಲೆ, ಆ ಹುಡುಗಿ ಇಲ್ಲಿ ಏನು ಮಾಡಿದಳು ಎಂದು ಕೇಳಿದೆ.

ಅವರು ರಿಜಿಸ್ಟರ್ ತೆರೆದು ಒಂದು ಪುಟ ತೋರಿಸಿದರು. ಎರಡು ಕಲ್ಲಿನ ನಂಬರುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಒಂದು ಮಾಡಲಾಗಿತ್ತು. ವರ್ಷಗಳ ಹಿಂದೆ ಅವರೇ ಎರಡು ಬೇರೆ ಶಿಲ್ಪಗಳೆಂದು ಬರೆದಿದ್ದ ತುಂಡುಗಳು. ಶೆಡ್ಡಿನ ಎರಡು ತುದಿಗಳಲ್ಲಿ ಮಲಗಿದ್ದವು. ಎರಡರ ಒಡೆದ ಅಂಚುಗಳನ್ನೂ ಅವಳು ಕಾಗದದ ಮೇಲೆ ಇದ್ದಷ್ಟೇ ಅಳತೆಗೆ ಬರೆದು ಕತ್ತರಿಸಿ ಜೋಡಿಸಿದ್ದಳು. ಕೂಡಿಕೊಂಡವು. ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಆ ಕಾಗದಗಳನ್ನು ಇವರ ಮೇಜಿನ ಮೇಲಿಟ್ಟು, ಇದು ಸರಿಯೇ ನೋಡಿ ಎಂದು ಕೇಳಿದ್ದಳಂತೆ.

“ಎಲ್ರ ಎದುರಿಗೂ ಹೇಳ್ಬೋದಿತ್ತು. ಹೇಳ್ಲಿಲ್ಲ.” ರಿಜಿಸ್ಟರ್ ಮುಚ್ಚಿದರು. “ಇದನ್ನ ಬರೆದ್ರೆ ನನ್ನ ತಪ್ಪನ್ನೂ ಬರೀಬೇಕಾಗುತ್ತಲ್ಲಮ್ಮ.”

ಹೌದು ಎಂದೆ. ಹೆಚ್ಚು ಹೇಳಿದ್ದರೆ ಒತ್ತಾಯದಂತೆ ಕೇಳಿಸುತ್ತಿತ್ತು.

ಅವರು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಬಂದರು. ಇಂಗ್ಲಿಷಿನಲ್ಲಿಯೇ ಇರಬೇಕಾ ಎಂದು ಕೇಳಿದರು. ಕನ್ನಡವೂ ಆಗುತ್ತದೆ, ಮೂಲದ ಜೊತೆ ಅನುವಾದ ಇದ್ದರೆ ಸಾಕು ಎಂದೆ.

“ಹಂಗಂತ ಮೊದ್ಲೇ ಯಾರಾದ್ರೂ ಹೇಳಿದ್ರೆ ಆ ಉಜ್ವಲ ಗಿಜ್ವಲ ಎಲ್ಲಾ ಯಾಕೆ ಬರೀತಿದ್ದೆ,” ಎಂದು ಲೆಟರ್‌ಹೆಡ್ ಎಳೆದುಕೊಂಡರು.

ಒಂದೂವರೆ ಪುಟವಾಯಿತು. ‘ನಾನು ತಪ್ಪಾಗಿ ದಾಖಲಿಸಿದ್ದ ಎರಡು ತುಂಡುಗಳು ಒಂದೇ ಶಿಲ್ಪದವೆಂದು ಇವಳು ತೋರಿಸಿಕೊಟ್ಟಳು’ ಎಂಬ ವಾಕ್ಯವನ್ನು ಅವರು ಹೊಡೆದುಹಾಕದೆ ಒಂದೇ ಸಲಕ್ಕೆ ಬರೆದರು. ಸಹಿ ಹಾಕಿ ಮುದ್ರೆ ಒತ್ತಿದ ಮೇಲೆ ಇನ್ನೊಂದು ಹಾಳೆ ತೆಗೆದರು. ಒಬ್ಬಳಿಗೆ ಬರೆದು ಒಬ್ಬನಿಗೆ ಬಿಡುವುದು ಅವರಿಂದಾಗದು. ಆ ಹುಡುಗನಿಗೆ ಫೋನು ಮಾಡಿ, ಕೊನೆಯ ದಿನದವರೆಗೂ ಪತ್ರ ಬದಲಿಸಬಹುದೆಂದು ಅವನ ಬಾಯಿಂದಲೇ ಖಾತ್ರಿ ಮಾಡಿಕೊಂಡರು. ಅವನು ಕಲ್ಲನ್ನು ಎತ್ತಿಡುವಾಗ ಒಂದು ಚೂರೂ ಉದುರದಂತೆ ಅದರಡಿ ಗೋಣಿ ಮಡಚಿಡುವ ರೀತಿಯನ್ನು ಬರೆದರು. ಅವನು ಕೇಳಿಕೊಂಡನೆಂದು ಅನುವಾದಕ್ಕೆ ಆ ಪತ್ರವನ್ನೂ ನನ್ನ ಕೈಗೇ ಕೊಟ್ಟರು.

ಹೊರಡುವಾಗ ಮೇಷ್ಟರು, ಆ ಹುಡುಗಿಗೆ ಪತ್ರ ಓದಿ ಹೇಳಬೇಡಿ, ಅವಳೇ ಓದಲಿ ಎಂದರು.

ಸಂಜೆ ಅವಳದನ್ನು ಮುಗಿಸಿದೆ. ಕನ್ನಡದಿಂದ ನೇರವಾಗಿ ರಷ್ಯನ್‌ಗೆ ನಾನು ಅನುವಾದಿಸಿದ ಮೊದಲ ಕಾಗದ ಅದು. ನಡುವೆ ಇಂಗ್ಲಿಷ್ ಇಲ್ಲದಿದ್ದದ್ದು ಹಿತವಾಗಿತ್ತು.

ಮರುದಿನ ಬೆಳಿಗ್ಗೆ ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ ಸಹಿ ಹಾಕಿದೆ. ಅವಳು ಮೊದಲ ಬಸ್ಸಿಗೇ ಬಂದಳು. ಮೇಷ್ಟರ ಪತ್ರವನ್ನು ಜಗಲಿಯಲ್ಲಿ ಕೂತು ಓದಿದಳು, ಎರಡನೆಯ ಪುಟ ಮುಗಿಸಿ ಮತ್ತೆ ಮೊದಲನೆಯದಕ್ಕೆ ಹೋದಳು. ನಾನು ಒಳಗೇ ಇದ್ದೆ. ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಇಬ್ಬರೂ ಸೇರಿ ಸ್ಕ್ಯಾನ್ ಮಾಡಿಸಿದೆವು. ಅಲ್ಲೇ ನಿಂತು ಅವಳು ಅರ್ಜಿ ಸಲ್ಲಿಸಿದಳು. ಅವಳನ್ನು ಬಸ್ಸು ಹತ್ತಿಸಿ ಮನೆಗೆ ಬಂದು, ಕಾಫಿ ಕುಡಿದು, ಹುಡುಗನ ಪತ್ರವನ್ನು ಮುಂದಿಟ್ಟುಕೊಂಡೆ. ಮೊದಲಿಗೆ ಚೌಕ ಕಂಸ ಹಾಕಿ ಬರೆದೆ: ಗುಂಡು ಮುದ್ರೆ, ಕೆಳಭಾಗ ಅಸ್ಪಷ್ಟ.