ಕೊಯ್ಯಲು ಬರಬಾರದಿದ್ದ ಗಾಜು

ಹುಣಸೂರಿನ ಗಾಜಿನ ಅಂಗಡಿಯಲ್ಲಿ ಎಂಟು ವರ್ಷದಿಂದ ಸಂಬಳಕ್ಕಿದ್ದ ಮುದಸ್ಸಿರ್‌ಗೆ ತನ್ನ ಕೈಯ ಮೇಲೆ ಎಂಥ ನಂಬಿಕೆಯೆಂದರೆ, ತಲೆಯನ್ನು ಬಳಸುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ. ಸಣ್ಣ ಕಿಟಕಿಗೆ ನಾಲ್ಕು ಎಂಎಂ, ದೊಡ್ಡದಕ್ಕೆ ಐದೋ ಆರೋ, ಬಚ್ಚಲಿಗೆ ಆಚೆ ಕಾಣದ ಮಬ್ಬು ಗಾಜು ಎಂದು ಗಿರಾಕಿ ಬಾಯಿ ತೆರೆಯುವ ಮೊದಲೇ ಹೇಳಿ ಮುಗಿಸುವವನು. 2004ರ ಆ ಮಧ್ಯಾಹ್ನ ಪಿರಿಯಾಪಟ್ಟಣದಿಂದ ಹೊರಟ ಬಸ್ಸಿನಲ್ಲಿ ಕುಳಿತು, ಬೆಳಗಿನ ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ.

ಮೆಚ್ಚಿಕೊಳ್ಳುವಂಥದ್ದೇ. ನಿವೃತ್ತ ಟೀಚರ್ ಭಾಗ್ಯಮ್ಮನವರು ಅಲ್ಲಿ ಹೊಸದಾಗಿ ಮದುವೆ ಹಾಲ್ ಕಟ್ಟಿಸಿದ್ದರು. ಊಟದ ಹಾಲ್ ಮೇಲಿನ ಮಹಡಿಯಲ್ಲಿ; ಅದರ ಮುಂದಿನ ಬಾಲ್ಕನಿಗೆ ಗಾಜಿನ ತಡೆ. ಕಂಟ್ರಾಕ್ಟರ್ ಗುರುಸ್ವಾಮಿ ತರಿಸಿಟ್ಟಿದ್ದ ಆರು ಹಲಗೆಗಳಲ್ಲಿ ಎರಡು, ಕಂಬಗಳ ನಡುವೆ ಅರ್ಧ ಇಂಚು ಹೆಚ್ಚಾದವು. "ಅದೇನ್ ಮಹಾ, ಒಂಚೂರು ಕೆರೆದು ಕೂರ್ಸಲಾ" ಎಂದ ಗುರುಸ್ವಾಮಿ. ಮುದಸ್ಸಿರ್ ಕಟರ್‌ನಿಂದ ಗೀರೆಳೆದು, ಇಕ್ಕಳ ಹಿಡಿದು ಮುರಿದ. ಹನ್ನೆರಡು ಎಂಎಂ ದಪ್ಪದ ಗಾಜಿನಿಂದ ಅರ್ಧ ಇಂಚಿನ ಪಟ್ಟಿ ಚಕ್ಕೆ ಹಾರದೆ ಬೇರೆಯಾಗಿತ್ತು.

ಕಂಪಲಾಪುರ ಬರುವಷ್ಟರಲ್ಲಿ ಅವನು ಸೀಟಿನಿಂದ ಎದ್ದು ನಿಂತ. ಆ ಪಟ್ಟಿ ಬೇರೆಯಾಗಿದ್ದು ಹೇಗೆ?

ಭಾಗ್ಯಮ್ಮನವರಿಗೆ ಅವನೇ ಹೇಳಿ ಆರ್ಡರಿನಲ್ಲಿ ಬರೆಸಿದ್ದು ಟಫನ್ಡ್ ಗಾಜು. ಅಳತೆಗೆ ಕೊಯ್ದು, ಅಂಚು ನಯ ಮಾಡಿದ ಮೇಲೆಯೇ ಅದನ್ನು ಕಾಯಿಸಿ ಗಟ್ಟಿ ಮಾಡುವುದು. ಆಮೇಲೆ ಕೊಯ್ಯಲು ಹೋದರೆ ಹಲಗೆಗೆ ಹಲಗೆಯೇ ಸಿಡಿದು ಕಲ್ಲುಸಕ್ಕರೆಯಂತೆ ಉದುರಬೇಕು. ಇದು ಸಲೀಸಾಗಿ ಕೊಯ್ಯಿಸಿಕೊಂಡಿತು ಅಂದರೆ ಬರೀ ಗಾಜು. ಒಡೆದರೆ ಮಚ್ಚಿನಂಥ ಚೂರು. ಟಫನ್ಡ್ ಹಲಗೆಯ ಮೂಲೆಯಲ್ಲಿ ಇರುವ ಮುದ್ರೆಯನ್ನಾದರೂ ನೋಡಿದ್ದನೇ? ಇಲ್ಲ. ಎಂಟು ವರ್ಷದ ಪಂಡಿತ!

"ಇಳೀತೀನಿ, ನಿಲ್ಸ್ರೀ!" ಎಂದು ಕಿರುಚಿ, ಎದುರಿನಿಂದ ಬಂದ ಬಸ್ಸು ಹತ್ತಿ ವಾಪಸ್ ಹೋದ. ಮರುದಿನ ಬೆಳಿಗ್ಗೆ ಅಲ್ಲಿ ಮೊದಲ ಮದುವೆ. ಊಟದ ಸರದಿಗೆ ಕಾಯುವ ಜನವೆಲ್ಲ ಒರಗುವುದು ಅದೇ ಬಾಲ್ಕನಿಗೆ.

ಗುರುಸ್ವಾಮಿ ಅಂಗಳದಲ್ಲೇ ಸಿಕ್ಕಿದ. ಮುದಸ್ಸಿರ್ ಕಸದ ರಾಶಿಯಿಂದ ಆ ಪಟ್ಟಿಯನ್ನು ಎಳೆದು ಅವನ ಮೂಗಿನ ಕೆಳಗೆ ಹಿಡಿದ.

"ಗುರುಸ್ವಾಮಣ್ಣ, ಇದ್ಯಾವ ಗಾಜು?"

"ಯಾವ್ದಾದ್ರೇನ್ಲಾ? ಅನ್ನೆರಡು ಎಂಎಂ ಅದೆ. ಎತ್ತು ಗುದ್ದುದ್ರೂ ಅಲ್ಲಾಡಕಿಲ್ಲ."

"ದಪ್ಪ ಇದ್ರೆ ಸಾಕಾ? ನಿಮ್ಮ್ ನಾಲಿಗೇನೂ ದಪ್ಪ ಅದೆ, ಒಂದ್ ನಿಜ ಹೊರಡ್ತದಾ?"

"ಏಯ್, ಕೂರ್ಸಿದ್ದು ನೀನೇ ಕಣ್ಲಾ! ಅಂಗಾರೆ ಆಗ ಕಣ್ಣೇನು ಬಾಡಿಗೆಗೆ ಕೊಟ್ಟಿದ್ಯಾ?"

ಆ ಮಾತು ನೆಟ್ಟಗೆ ನಾಟಿತು. ನಾಟಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ಗಲಾಟೆ ಕೇಳಿ ಭಾಗ್ಯಮ್ಮನವರು ಹೊರಗೆ ಬಂದರು.

"ಅಮ್ಮೋರೆ, ನಾನೊಬ್ಬ ಕತ್ತೆ," ಎಂದು ಮುದಸ್ಸಿರ್ ಶುರು ಮಾಡಿದ. "ಟಫನ್ಡ್ ಆಗಿದ್ರೆ ಈ ಪಟ್ಟಿ ಹುಟ್ತಾನೇ ಇರ್ಲಿಲ್ಲ. ಇದನ್ನ ಕೊಯ್ದವನೂ ನಾನೇ, ಮೇಲೆ ಕೂರ್ಸಿದವನೂ ನಾನೇ. ನಾಳೆ ಯಾರಾದ್ರೂ ಇದರ ಮೇಲೆ ಜೋರಾಗಿ ಬಿದ್ರೆ ಗಾಜು ಚೂರಾಗಿ ಕೆಳಗಿರೋರ ಕತ್ತಿನ ಮೇಲೆ ಬೀಳ್ತದೆ. ಎಲ್ಲಾ ಬಿಚ್ಚಬೇಕು."

"ಟಫನ್ಡ್ ಬೆಂಗಳೂರಿಂದ ಬರಕ್ಕೆ ಅದಿನೈದು ದಿನ ಅಂದ್ರು ಕಣಮ್ಮ," ಎಂದ ಗುರುಸ್ವಾಮಿ, ದನಿ ಇಳಿಸಿ. "ಮುಹೂರ್ತ ನಿಲ್ತದಾ? ನೋಡಕ್ಕೆ ಎಲ್ಡೂ ಒಂದೇಯ."

ಭಾಗ್ಯಮ್ಮನವರು ಬಾಲ್ಕನಿಯನ್ನೊಮ್ಮೆ, ಅದರ ಕೆಳಗೇ ಇದ್ದ ಬಾಗಿಲನ್ನೊಮ್ಮೆ ನೋಡಿದರು. "ಮೂವತ್ತು ವರ್ಷ ಕಾಪಿ ಹೊಡೆಯೋ ಹುಡುಗ್ರೂ ಇದನ್ನೇ ಹೇಳ್ತಿದ್ರು ಗುರುಸ್ವಾಮಿ, ನೋಡೋಕೆ ಎರಡೂ ಒಂದೇ ಅಂತ. ಬಿಚ್ಚಿ. ನಾಳೆ ಊಟ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ಮೇಲಿನ ಹಾಲ್‌ಗೆ ಬೀಗ. ಸರಿಯಾದ ಗಾಜು ಬರೋವರೆಗೂ ತೆಗೆಯೋದಿಲ್ಲ."

"ಆಳುಗಳು ವೋದ್ರಲ್ಲಮ್ಮ..."

"ನೀವಿದ್ದೀರಲ್ಲ."

"ಈ ಸಲ ಎರಡು ಟಫನ್ಡ್ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿರೋದು ತರ್ಸಿ ಅಮ್ಮೋರೆ," ಎಂದ ಮುದಸ್ಸಿರ್. "ಒಡೆದ್ರೂ ಜಾಗ ಬಿಟ್ಟು ಉದುರಲ್ಲ. ಕಂಬದ ಅಳತೆ ನಾನೇ ತಗೋತೀನಿ. ಈ ಸಲ ಕಣ್ಣೂ ತರ್ತೀನಿ."

ಮೂವತ್ತು ಕೆಜಿಯ ಮೇಲಿದ್ದ ಹಲಗೆಯನ್ನು ಒಬ್ಬನೇ ಹೊರುವಂತಿರಲಿಲ್ಲ. ಗಾಜನ್ನು ಕಂಬಕ್ಕೆ ಬಿಗಿದಿದ್ದ ಕ್ಲಾಂಪು ಸಡಿಲಿಸಿ ಇಬ್ಬರೂ ಆಚೀಚೆ ಹಿಡಿದು ಮೆಟ್ಟಿಲಿಳಿಯತೊಡಗಿದರು. ಹೊಡೆದಾಡಿಕೊಳ್ಳಲು ಇಬ್ಬರಿಗೂ ಕೈ ತುರಿಸುತ್ತಿತ್ತು. ನಾಲ್ಕೂ ಕೈ ಗಾಜಿಗೆ ಅಂಟಿದ್ದವು.

"ಎಡಗಾಲು ಮುಂದಿಡಿ, ಕಳ್ಳ!" ಎಂದ ಮುದಸ್ಸಿರ್.

"ಇಟ್ಟೆ ಕಣ್ಲಾ, ಕುರುಡ! ಮೆಲ್ಲಗೆ, ಗ್ವಾಡೆಗೆ ತಗುಲ್ತದೆ!"

ಮೇಲೆ ಇನ್ನೂ ಐದು ಹಲಗೆಗಳಿದ್ದವು.