ಕನ್ನಡ ಪ್ರತಿಯಲ್ಲಿ ಇಲ್ಲದ ಹೆಸರು

ಪದ್ಮಜಾ ರಾಣೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಬಂದು, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಹಾವೇರಿಯ ದೊಡ್ಡ ಆಫೀಸಿನವರು ಸೋಮವಾರಕ್ಕೊಮ್ಮೆ ಮ್ಯಾನೇಜರ್ ರಮೇಶನ ಜೊತೆ ಕಂಪ್ಯೂಟರಿನಲ್ಲೇ ಮೀಟಿಂಗ್ ಮುಗಿಸಿ, ಇಂಗ್ಲಿಷಿನಲ್ಲಿ ಮಿನಿಟ್ಸ್ ಕಳಿಸುತ್ತಿದ್ದರು. ಕೊನೆಗೊಂದು ಪಟ್ಟಿ: ಆಗಬೇಕಾದ ಕೆಲಸ, ಮಾಡುವವರ ಹೆಸರು, ಮುಗಿಸುವ ತಾರೀಖು. ಅದನ್ನು ಕನ್ನಡಕ್ಕಿಳಿಸಿ, ಗೋಡೆಗೆ ಅಂಟಿಸಿ, ಎಲ್ಲರ ಸಹಿ ಹಾಕಿಸುವುದು ಪದ್ಮಜಾಳ ಪಾಲಿಗೆ ಬಂದಿತ್ತು. ಮೊಬೈಲು ಮಾಡಿಕೊಡುವ ಅನುವಾದವೋ, ದೇವರಿಗೇ ಪ್ರೀತಿ. ಯಾವ ಸಾಮಾನಿಗೆ ಏನೆನ್ನುತ್ತಾರೆಂದು ಅವಳು ಕೇಳುತ್ತಿದ್ದದ್ದು ಇಪ್ಪತ್ತೆರಡು ವರ್ಷದಿಂದ ಮಷೀನು ನೋಡಿಕೊಳ್ಳುತ್ತಿದ್ದ ಯೂಸುಫಸಾಬರನ್ನು.

ಮೊದಲ ಪಟ್ಟಿಯ ಮುಂದೆ ಅವರು ಬಹಳ ಹೊತ್ತು ನಿಂತರು.

“ಏನವಾ, ಹೆಸರು, ತಾರೀಖು ಎಲ್ಲಾ ಹಾಕೀದಿ. ಕೋರ್ಟಿನ ನೋಟೀಸ್ ಬಂದಂಗ ಆತಲ್ಲ. ಬಾಯಿಲೆ ಹೇಳಿದ್ರ ಮಾಡ್ತಿದ್ದಿಲ್ಲೇನ ನಾ?”

ಪದ್ಮಜಾಗೆ ನಾಚಿಕೆಯಾಯಿತು. ಮುಂದಿನ ವಾರದಿಂದ ಹೆಸರುಗಳನ್ನೇ ಬಿಟ್ಟಳು. “ಶಾಖೆಯ ವತಿಯಿಂದ ಮಾಡಲಾಗುವುದು” ಎಂದು ಬರೆದು, ಯಾರ ಕೆಲಸವೆಂದು ಅವರವರ ಹತ್ತಿರ ಹೋಗಿ ಹೇಳಿಬರುತ್ತಿದ್ದಳು. ಎಲ್ಲರಿಗೂ ಹಾಯೆನಿಸಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಳೆಂದು ಆಗ ಯಾರಿಗೆ ಗೊತ್ತಿತ್ತು?

ಜೂನಿನಲ್ಲಿ ಬಂದ ಪಟ್ಟಿಯಲ್ಲಿ, ನಾಲ್ಕನೇ ಕೋಣೆಯ ಬಾಗಿಲಿನ ಸಂದಿ ಮುಚ್ಚುವ ರಬ್ಬರನ್ನು ಹದಿನೈದರೊಳಗೆ ಯೂಸುಫಸಾಬರು ಬದಲಿಸಬೇಕೆಂದಿತ್ತು. ಪಟ್ಟಿ ಬಂದ ದಿನವೇ ಪದ್ಮಜಾಳ ತಾಯಿ ಕಾಶೀಬಾಯಿಯ ಕಣ್ಣಿನ ಆಪರೇಷನ್. ಪದ್ಮಜಾ ಪಟ್ಟಿ ಅಂಟಿಸಿ, ಸಹಿ ಹಾಕಿಸಿ, ಬಸ್ಸಿಗೆ ಓಡಿದಳು. ಹೇಳುವುದನ್ನು ಮರೆತಳು. “ಶಾಖೆಯ ವತಿಯಿಂದ” ಎಂದಿದ್ದರಿಂದ, ರಬ್ಬರನ್ನು ರಮೇಶನೇ ತರಿಸಿ ಹಾಕಿಸುತ್ತಾನೆಂದು ಯೂಸುಫಸಾಬರು ಸುಮ್ಮನಿದ್ದರು.

ಮಳೆಗಾಲದ ತೇವದ ಗಾಳಿ ಸಂದಿಯಲ್ಲಿ ನುಗ್ಗಿತು. ಬಾಗಿಲ ಬಳಿಯ ಚೀಲಗಳಲ್ಲಿ ಮೋಟೆಬೆನ್ನೂರಿನ ರೈತರ ಮೆಣಸಿನಕಾಯಿಗೆ ಬೂಸಲು ಹಿಡಿಯಿತು.

ಹಾವೇರಿಯಿಂದ ಅಧಿಕಾರಿ ಋಷಿಕೇಶ ಬಂದ. ಇಂಗ್ಲಿಷ್ ಪಟ್ಟಿಯಲ್ಲಿ ಹೆಸರಿದೆ, ಕನ್ನಡ ಪಟ್ಟಿಯಲ್ಲಿ ಸಹಿ ಇದೆ. ಯೂಸುಫಸಾಬರನ್ನು ಕೆಲಸದಿಂದ ತೆಗೆಯಲು ಅಷ್ಟು ಸಾಕಾಯಿತು.

“ಸರ್, ಹೆಸರು ಬಿಟ್ಟಾಕಿ ನಾನರಿ. ಅವರಿಗೆ ಗೊತ್ತ ಇದ್ದಿಲ್ಲ. ತಪ್ಪು ನಂದು,” ಎಂದಳು ಪದ್ಮಜಾ.

ಋಷಿಕೇಶ ಕನ್ನಡ ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಇದನ್ನ ಓದ್ರಿ.”

ವಾರವಾರವೂ ತಾನೇ ಬರೆದಿದ್ದ ಸಾಲು. ಓದಿದಳು: “ಎರಡು ಪ್ರತಿಗಳಲ್ಲಿ ವ್ಯತ್ಯಾಸ ಕಂಡುಬಂದರೆ ಇಂಗ್ಲಿಷ್ ಪ್ರತಿಯೇ ಅಧಿಕೃತ.” ಯಾರ ಕೆಲಸವೆಂದು ಮೀಟಿಂಗಿನಲ್ಲೇ ಕೇಳಿ ತಿಳಿದಿದ್ದ ರಮೇಶ ಕಿಟಕಿಯಾಚೆ ನೋಡುತ್ತಿದ್ದ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಹೇಸಿಗೆ ಬಂತು.

ಮುಂದಿನ ಸೋಮವಾರದ ಪಟ್ಟಿಯಲ್ಲಿ ಒಂದು ಕೆಲಸ ಅವಳ ಹೆಸರಿಗೇ ಇತ್ತು: ಯೂಸುಫಸಾಬರಿಂದ ಕೀಲಿಕೈ ಪಡೆಯುವುದು, ಶುಕ್ರವಾರದೊಳಗೆ. ಅವಳು ಅವರ ಮನೆಗೆ ಹೋದಾಗ ಚಹಾ ಕೊಟ್ಟರು, ಬೈಯಲಿಲ್ಲ. ಕೀಲಿಕೈ ಗೊಂಚಲನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದರು.

“ಕೀಲಿಕೈ ಮುಟ್ಟ್ಯಾವು ಅಂತ ಒಂದು ಚೀಟಿ ಬರದು ಕೊಡವಾ,” ಎಂದರು. “ಹೆಸರು ಹಾಕು. ತಾರೀಖೂ ಹಾಕು.”